ಡಿಮ್ಯಾಟ್ ಯಾವುದಕ್ಕೆ, ಟ್ರೇಡಿಂಗ್ ಖಾತೆ ಯಾವುದಕ್ಕೆ? ಕೊಂಡ ಷೇರು ಖಾತೆಗೆ ಬರುವ ದಾರಿ

ಕಾಫಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕೊಡಗಿನ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ಷೇರು ತಗೊಂಡೆ, ದುಡ್ಡು ಹೋಯ್ತು, ಡಿಮ್ಯಾಟ್‌ನಲ್ಲಿ ಏನೂ ಕಾಣ್ತಿಲ್ಲ." "ಮಾರಿದೆ, ದುಡ್ಡು ಆ್ಯಪ್‌ನಲ್ಲಿದೆ, ಬ್ಯಾಂಕಿಗೆ ಹಾಕೋಕೆ ಆಗ್ತಿಲ್ಲ." "ಬ್ರೋಕರ್ ಬಾಗಿಲು ಹಾಕಿದ್ರೆ ನನ್ನ ಷೇರು ಗತಿ ಏನು?" ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಎರಡು ಖಾತೆಗಳ ಕೆಲಸ ಬೇರೆ ಬೇರೆ, ಆದರೆ ಆ್ಯಪ್ ಎರಡನ್ನೂ ಒಂದೇ ಪರದೆಯಲ್ಲಿ ತೋರಿಸುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು, ಯಾವುದು ಏನು

ಡಿಮ್ಯಾಟ್ ಖಾತೆ ಷೇರು ಇಡುವ ಜಾಗ, ಅಷ್ಟೇ. ಅದರಲ್ಲಿ ದುಡ್ಡು ಇರುವುದಿಲ್ಲ. ಟ್ರೇಡಿಂಗ್ ಖಾತೆ ಕೊಳ್ಳುವ, ಮಾರುವ ಆರ್ಡರ್ ಹಾಕುವ ಜಾಗ. ಅದರಲ್ಲಿ ಷೇರು ಇರುವುದಿಲ್ಲ. ನಿಮ್ಮ ದುಡ್ಡಿನ ಲೆಕ್ಕ ಮಾತ್ರ ಇರುತ್ತದೆ. ಆ ಲೆಕ್ಕಕ್ಕೆ ಲೆಡ್ಜರ್ ಅನ್ನುತ್ತಾರೆ. ಗೋದಾಮಿನಲ್ಲಿ ನಿಮ್ಮ ಹೆಸರಿನಲ್ಲಿ ಕಾಫಿ ಮೂಟೆ ಇದೆ, ಅದನ್ನು ಮಾರಿಕೊಡಲು ಒಬ್ಬ ವ್ಯಾಪಾರಿ ಇದ್ದಾನೆ ಅಂದುಕೊಳ್ಳಿ. ಷೇರಿನ ವಿಷಯದಲ್ಲಿ ಆ ವ್ಯಾಪಾರಿಯೇ ಬ್ರೋಕರ್. ವ್ಯಾಪಾರಿಯನ್ನು ಬದಲಾಯಿಸಿದರೂ ಮೂಟೆ ಗೋದಾಮಿನಲ್ಲೇ ಇರುತ್ತದೆ.

ನಮ್ಮ ದೇಶದಲ್ಲಿ ಈ ಗೋದಾಮುಗಳು ಎರಡೇ. ಒಂದು ಎನ್‌ಎಸ್‌ಡಿಎಲ್, 1996ರಲ್ಲಿ ಶುರುವಾದದ್ದು. ಇನ್ನೊಂದು ಸಿಡಿಎಸ್‌ಎಲ್, 1999ರಲ್ಲಿ ಶುರುವಾದದ್ದು. ಇವನ್ನು ಡೆಪಾಸಿಟರಿ ಅನ್ನುತ್ತಾರೆ. ನೀವು ನೇರವಾಗಿ ಅಲ್ಲಿಗೆ ಹೋಗಿ ಖಾತೆ ತೆರೆಯಲು ಆಗುವುದಿಲ್ಲ. ನಡುವೆ ಒಬ್ಬ ಪ್ರತಿನಿಧಿ ಇರುತ್ತಾನೆ. ಅವನಿಗೆ ಡಿಪಿ ಎಂದು ಹೆಸರು. ನಿಮ್ಮ ಬ್ಯಾಂಕ್ ಡಿಪಿ ಆಗಿರಬಹುದು, ಬ್ರೋಕರ್ ಕೂಡ ಆಗಿರಬಹುದು. ಒಂದೇ ಸಂಸ್ಥೆ ಬ್ರೋಕರೂ ಡಿಪಿಯೂ ಆಗಿರುವುದರಿಂದಲೇ ಎರಡು ಖಾತೆ ಒಂದೇ ಅನ್ನಿಸುವುದು.

ನಿಮ್ಮದು ಯಾವುದರಲ್ಲಿದೆ ಎಂದು ತಿಳಿಯಲು ಡಿಮ್ಯಾಟ್ ಸಂಖ್ಯೆ ನೋಡಿ. ಅದು IN ಎಂದು ಶುರುವಾಗಿ ಆಮೇಲೆ 14 ಅಂಕಿ ಇದ್ದರೆ ಎನ್‌ಎಸ್‌ಡಿಎಲ್. 16ಕ್ಕೆ 16 ಅಂಕಿಯೇ ಆಗಿದ್ದರೆ ಸಿಡಿಎಸ್‌ಎಲ್.

ಡಿಮ್ಯಾಟ್, ಟ್ರೇಡಿಂಗ್ ಎರಡೂ ಬೇರೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಟಾಟಾ ಕಾಫಿ ಷೇರು ಇಲ್ಲಿ ಎಷ್ಟೋ ಮನೆಗಳಲ್ಲಿ ಇತ್ತು. 2024ರ ಜನವರಿಯಲ್ಲಿ ಆ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ಸೇರಿತು. ಹತ್ತು ಟಾಟಾ ಕಾಫಿ ಷೇರಿಗೆ ಒಟ್ಟು ಮೂರು ಟಾಟಾ ಕನ್ಸ್ಯೂಮರ್ ಷೇರು ಎಂಬ ಲೆಕ್ಕದಲ್ಲಿ ಹೊಸ ಷೇರು ಸೀದಾ ಡಿಮ್ಯಾಟ್‌ಗೆ ಬಂತು. ಯಾರೂ ಆರ್ಡರ್ ಹಾಕಲಿಲ್ಲ, ಟ್ರೇಡಿಂಗ್ ಖಾತೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಬೋನಸ್ ಷೇರಿಗೂ ಇದೇ ದಾರಿ. "ನನ್ನ ಟಾಟಾ ಕಾಫಿ ಆ್ಯಪ್‌ನಿಂದ ಮಾಯ" ಎಂದು ಇನ್ನೂ ಕೇಳುವವರು ಹೊಸ ಹೆಸರಿನಲ್ಲಿ ಹುಡುಕಿ.

ಬೇಕಾದದ್ದು

ಪ್ಯಾನ್ ಕಾರ್ಡ್, ಮೊಬೈಲ್ ಸಂಖ್ಯೆ ಜೋಡಿಸಿದ ಆಧಾರ್, ನಿಮ್ಮ ಹೆಸರಿರುವ ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಪುಟ, ಬಿಳಿ ಹಾಳೆಯ ಮೇಲೆ ಸಹಿ. ಇಷ್ಟಿದ್ದರೆ ಸಾಕು. ಆದರೆ ಇಲ್ಲಿ ಮೂರು ವಿಷಯ ಗಮನದಲ್ಲಿರಲಿ.

ಹೆಸರು. ನಮ್ಮಲ್ಲಿ ಒಕ್ಕದ ಹೆಸರು, ಅಪ್ಪನ ಹೆಸರು ಕೆಲವು ಕಡೆ ಇನಿಷಿಯಲ್ ಆಗಿ, ಕೆಲವು ಕಡೆ ಪೂರ್ತಿಯಾಗಿ ಇರುತ್ತವೆ. ಪ್ಯಾನ್, ಆಧಾರ್, ಬ್ಯಾಂಕ್ ಮೂರರಲ್ಲೂ ಒಂದೇ ಥರ ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಅರ್ಜಿ ಹಾಕಿ.

ಜಂಟಿ ಖಾತೆ. ಡಿಮ್ಯಾಟ್ ಖಾತೆಯನ್ನು ಗಂಡ ಹೆಂಡತಿ ಸೇರಿ ತೆರೆಯಬಹುದು. ಟ್ರೇಡಿಂಗ್ ಖಾತೆ ಮಾತ್ರ ಒಬ್ಬರ ಹೆಸರಿನಲ್ಲೇ ಇರುತ್ತದೆ. ಟ್ರಂಕಿನಲ್ಲಿ ಅಪ್ಪ ಅಮ್ಮನ ಹೆಸರಿನ ಹಳೆಯ ಕಾಗದದ ಷೇರು ಪತ್ರ ಇದ್ದರೆ ಇದು ಮುಖ್ಯ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಮಾರಿ ಬೇರೆಯವರ ಹೆಸರಿಗೆ ಮಾಡಲು ಆಗುವುದಿಲ್ಲ, ಮೊದಲು ಡಿಮ್ಯಾಟ್ ಮಾಡಿಸಲೇಬೇಕು. ಪತ್ರದಲ್ಲಿ ಯಾರ ಯಾರ ಹೆಸರಿದೆಯೋ ಡಿಮ್ಯಾಟ್ ಖಾತೆಯೂ ಅದೇ ಹೆಸರುಗಳಲ್ಲಿ ಇರಬೇಕು. ಹಾಗಾಗಿ ಪತ್ರ ನೋಡಿಕೊಂಡು ಖಾತೆ ತೆರೆಯಿರಿ.

ವರ್ಷದ ಶುಲ್ಕ. ಡಿಮ್ಯಾಟ್ ಒಂದೇ ಇದ್ದು, ಷೇರಿನ ಬೆಲೆ 4 ಲಕ್ಷ ರೂಪಾಯಿ ಒಳಗಿದ್ದರೆ ಬಿಎಸ್‌ಡಿಎ ಎಂಬ ಬೇಸಿಕ್ ಖಾತೆಯಲ್ಲಿ ವಾರ್ಷಿಕ ಶುಲ್ಕ ಇಲ್ಲ. ಸುಮ್ನೆ ಮೂರು ಮೂರು ಆ್ಯಪ್‌ಗಳಲ್ಲಿ ಖಾತೆ ತೆರೆದಿಟ್ಟರೆ ಈ ಅನುಕೂಲ ತಪ್ಪುತ್ತದೆ.

ಈಗ ಒಂದು ಖರೀದಿಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ಸೋಮವಾರ ನೀವು ಒಂದು ಕಂಪನಿಯ 50 ಷೇರನ್ನು ತಲಾ 400 ರೂಪಾಯಿಗೆ ಕೊಳ್ಳುತ್ತೀರಿ. ಒಟ್ಟು 20,000.

ಹಂತ 1: ದುಡ್ಡು ಟ್ರೇಡಿಂಗ್ ಖಾತೆಗೆ

ನಿಮ್ಮ ಹೆಸರಿನ, ಮೊದಲೇ ಜೋಡಿಸಿದ ಬ್ಯಾಂಕ್ ಖಾತೆಯಿಂದಲೇ ದುಡ್ಡು ಹೋಗಬೇಕು. ಮಗನ ಯುಪಿಐಯಿಂದ ಹಾಕಿದರೆ ಬ್ರೋಕರ್ ಅದನ್ನು ಒಪ್ಪುವ ಹಾಗಿಲ್ಲ. ಖರ್ಚಿಗೂ ಸ್ವಲ್ಪ ಸೇರಿಸಿ ಹಾಕಿ. ಈ ಖರೀದಿಗೆ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ 0.1%, ಅಂದರೆ 20 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ 0.015%, ಅಂದರೆ 3 ರೂಪಾಯಿ. ಅದರ ಮೇಲೆ ಬ್ರೋಕರೇಜ್, ಷೇರು ವಹಿವಾಟು ನಡೆಯುವ ಎಕ್ಸ್‌ಚೇಂಜ್‌ನ ಶುಲ್ಕ, ಅವೆರಡರ ಮೇಲೆ 18% ಜಿಎಸ್‌ಟಿ.

ಲೆಡ್ಜರ್‌ನಲ್ಲಿ ದುಡ್ಡು ಸುಮ್ಮನೆ ಬಿದ್ದಿದ್ದರೆ ಬ್ರೋಕರ್ ಅದನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನಿಮ್ಮ ಬ್ಯಾಂಕಿಗೆ ವಾಪಸ್ ಹಾಕುತ್ತಾನೆ. ಅದು ನಿಯಮ, ಹೆದರಬೇಡಿ.

ಹಂತ 2: ಆರ್ಡರ್

ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರ ಒಳಗೆ ಆರ್ಡರ್ ಹಾಕುತ್ತೀರಿ. ಎಕ್ಸ್‌ಚೇಂಜ್‌ನಲ್ಲಿ ಮಾರುವ ಯಾರದೋ ಆರ್ಡರ್ ಜೊತೆ ಅದು ಹೊಂದಿಕೊಳ್ಳುತ್ತದೆ. ಆ ಕ್ಷಣದಲ್ಲಿ ನಡೆದದ್ದು ಒಪ್ಪಂದ ಮಾತ್ರ. ಷೇರು ಇನ್ನೂ ಮಾರಿದವರ ಡಿಮ್ಯಾಟ್‌ನಲ್ಲೇ ಇದೆ. ನಿಮ್ಮ ಆ್ಯಪ್‌ನಲ್ಲಿ 50 ಎಂದು ಕಂಡರೂ ಅದು ಬರಬೇಕಾದ ಷೇರು.

ಆರ್ಡರ್ ಹಾಕುವಾಗ "ಡೆಲಿವರಿ" ಆಯ್ಕೆ ಆಗಿದೆಯಾ ಎಂದು ನೋಡಿ. "ಇಂಟ್ರಾಡೇ" ಒತ್ತಿದ್ದರೆ ಆ ದಿನ ಮಾರುಕಟ್ಟೆ ಮುಚ್ಚುವ ಮೊದಲೇ ಬ್ರೋಕರ್ ತಾನಾಗಿ ಮಾರಿಬಿಡುತ್ತಾನೆ. ಒಂದೇ ದಿನ ಕೊಂಡು ಅಷ್ಟನ್ನೇ ಮಾರಿದರೆ ಡಿಮ್ಯಾಟ್‌ನಲ್ಲಿ ಒಂದು ಷೇರೂ ಅಲುಗಾಡುವುದಿಲ್ಲ. ಲಾಭ ನಷ್ಟದ ವ್ಯತ್ಯಾಸ ಮಾತ್ರ ಲೆಡ್ಜರ್‌ಗೆ ಬರುತ್ತದೆ.

24 ಗಂಟೆಯ ಒಳಗೆ ಇಮೇಲ್‌ಗೆ ಕಾಂಟ್ರಾಕ್ಟ್ ನೋಟ್ ಬರುತ್ತದೆ. ಎಷ್ಟು ಷೇರು, ಯಾವ ಬೆಲೆ, ಎಷ್ಟು ಖರ್ಚು ಎಂಬ ಬಿಲ್ ಅದು. ಅದನ್ನು ಅಳಿಸಬೇಡಿ. ಮುಂದೆ ಜಗಳ ಬಂದರೆ ನಿಮ್ಮ ಕೈಯಲ್ಲಿರುವ ದಾಖಲೆ ಅದೇ.

ಹಂತ 3: ಸೋಮವಾರ ರಾತ್ರಿ, ಲೆಕ್ಕ ಹಾಕುವ ಕೆಲಸ

ಮಾರುಕಟ್ಟೆ ಮುಚ್ಚಿದ ಮೇಲೆ ಕ್ಲಿಯರಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಕೆಲಸ ಶುರುಮಾಡುತ್ತದೆ. ಕೊಳ್ಳುವವರಿಗೂ ಮಾರುವವರಿಗೂ ನಡುವೆ ಅದು ತಾನೇ ನಿಲ್ಲುತ್ತದೆ. ನಿಮ್ಮ ಪಾಲಿಗೆ ಮಾರಿದವನು ಅದು, ಮಾರಿದವನ ಪಾಲಿಗೆ ಕೊಂಡವನೂ ಅದೇ. ಆಚೆ ಕಡೆಯವನು ಕೈ ಎತ್ತಿದರೂ ನಿಮ್ಮ ವ್ಯವಹಾರ ಬಿದ್ದುಹೋಗದಿರಲು ಇದೇ ಕಾರಣ. ಯಾರು ಎಷ್ಟು ದುಡ್ಡು ಕೊಡಬೇಕು, ಯಾರು ಎಷ್ಟು ಷೇರು ಕೊಡಬೇಕು ಎಂದು ಅದು ನಿವ್ವಳ ಲೆಕ್ಕ ತೆಗೆಯುತ್ತದೆ.

ಹಂತ 4: ಮಂಗಳವಾರ, ಷೇರು ಕೈ ಬದಲಾಗುವ ದಿನ

ವಹಿವಾಟು ನಡೆದ ದಿನಕ್ಕೆ "ಟಿ" ಎನ್ನುತ್ತಾರೆ. ಮರುದಿನ ಟಿ+1. 2023ರ ಜನವರಿಯಿಂದ ಎಲ್ಲ ಷೇರುಗಳೂ ಟಿ+1ಕ್ಕೆ ಇತ್ಯರ್ಥವಾಗುತ್ತವೆ, ಅಂದರೆ ಷೇರೂ ದುಡ್ಡೂ ಅಂದು ಕೈ ಬದಲಾಗುತ್ತವೆ. ಆಯ್ದ ಕೆಲವು ಷೇರಿಗೆ ಅದೇ ದಿನದ ಇತ್ಯರ್ಥವೂ ಇದೆ, ಆದರೆ ಅದು ಐಚ್ಛಿಕ, ನಿಮಗೆ ತಲೆಬಿಸಿ ಬೇಡ.

ಮಂಗಳವಾರ ಬೆಳಿಗ್ಗೆ ಮಾರಿದವರ ಷೇರು ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಹೋಗುತ್ತದೆ. ಇದಕ್ಕೆ ಪೇ-ಇನ್ ಎಂದು ಹೆಸರು. ಮಧ್ಯಾಹ್ನ 3:30ರ ಹೊತ್ತಿಗೆ ಅಲ್ಲಿಂದ ನಿಮ್ಮ ಡಿಮ್ಯಾಟ್‌ಗೆ ಬರುತ್ತದೆ, ಇದು ಪೇ-ಔಟ್. ಹಾಗಾಗಿ ಮಂಗಳವಾರ ಬೆಳಿಗ್ಗೆಯೇ "ಎಲ್ಲಿ ನನ್ನ ಷೇರು" ಎಂದು ಹುಡುಕಬೇಡಿ. ಸಂಜೆ ನೋಡಿ.

ಮೊದಲು ಷೇರು, ಎಲ್ಲ ಗ್ರಾಹಕರ ಷೇರೂ ಒಟ್ಟಿಗೆ ಇರುವ ಬ್ರೋಕರನ ಪೂಲ್ ಖಾತೆಗೆ ಬಂದು, ಅಲ್ಲಿಂದ ನಿಮಗೆ ಬರುತ್ತಿತ್ತು. 2019ರಲ್ಲಿ ಒಂದು ದೊಡ್ಡ ಬ್ರೋಕರೇಜ್ ಸಂಸ್ಥೆ ಗ್ರಾಹಕರ ಷೇರನ್ನೇ ಅಡವಿಟ್ಟು ಸಾಲ ತೆಗೆದ ಪ್ರಕರಣ ಬಯಲಾಯಿತು. ಆಮೇಲೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. 2024ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಷೇರು ಸೀದಾ ಗ್ರಾಹಕರ ಡಿಮ್ಯಾಟ್‌ಗೇ ಬರಬೇಕು. ನನ್ನ ಪ್ರಕಾರ ಸಣ್ಣ ಹೂಡಿಕೆದಾರರಿಗೆ ಈಚೆಗೆ ಆದ ಅತಿ ದೊಡ್ಡ ಉಪಕಾರ ಇದು.

ಒಂದು ವಿನಾಯಿತಿ ಇದೆ. ಪೂರ್ತಿ ದುಡ್ಡು ಕೊಡದೆ, ಬ್ರೋಕರನ ಸಾಲದಲ್ಲಿ ಕೊಂಡಿದ್ದರೆ ಷೇರು ನಿಮ್ಮ ಡಿಮ್ಯಾಟ್‌ಗೇ ಬಂದರೂ ಅಡವಿನ ಗುರುತಿನೊಂದಿಗೆ ಬರುತ್ತದೆ. ಬಾಕಿ ತೀರಿಸದಿದ್ದರೆ ಅವನು ಮಾರಬಹುದು.

ರಜೆಯ ಲೆಕ್ಕ ಇಲ್ಲಿ ಎಡವಿಸುತ್ತದೆ. ಕೈಲ್ ಪೊಳ್ದ್, ತುಲಾ ಸಂಕ್ರಮಣ, ಪುತ್ತರಿ, ಕನ್ನಡ ರಾಜ್ಯೋತ್ಸವ ಇವು ಯಾವುದೂ ಮಾರುಕಟ್ಟೆಗೆ ರಜೆ ಅಲ್ಲ. ಅದು ಮುಂಬೈ ಪಟ್ಟಿಯ ಪ್ರಕಾರ ನಡೆಯುತ್ತದೆ. ಇನ್ನೊಂದು ಸೂಕ್ಷ್ಮ, ಏಪ್ರಿಲ್ 1. ಅಂದು ವಹಿವಾಟು ಇರುತ್ತದೆ, ಆದರೆ ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಸುವ ದಿನವಾದ್ದರಿಂದ ಇತ್ಯರ್ಥ ಇರುವುದಿಲ್ಲ. ಹಿಂದಿನ ದಿನ ಕೊಂಡ ಷೇರು ಇನ್ನೊಂದು ದಿನ ತಡವಾಗಿ ಬರುತ್ತದೆ.

ಹಂತ 5: ಬಂದಿದೆಯಾ ಎಂದು ಆ್ಯಪ್ ಬಿಟ್ಟು ಬೇರೆ ಕಡೆ ನೋಡಿ

ಬ್ರೋಕರನ ಆ್ಯಪ್ ತೋರಿಸುವುದು ಬ್ರೋಕರನ ಲೆಕ್ಕ. ನಿಜವಾದ ಲೆಕ್ಕ ಡೆಪಾಸಿಟರಿಯದು. ಸಿಡಿಎಸ್‌ಎಲ್‌ನವರು "ಈಸಿ" ಎಂಬ ಸೇವೆಯಲ್ಲಿ, ಎನ್‌ಎಸ್‌ಡಿಎಲ್‌ನವರು "ಐಡಿಯಾಸ್" ಎಂಬ ಸೇವೆಯಲ್ಲಿ ನಿಮಗೆ ನೇರವಾಗಿ ತೋರಿಸುತ್ತಾರೆ. ಒಮ್ಮೆ ನೋಂದಾಯಿಸಿಕೊಂಡರೆ ಸಾಕು. ವಹಿವಾಟು ನಡೆದ ತಿಂಗಳಿಗೆ ಸಿಎಎಸ್ ಎಂಬ ಒಟ್ಟು ಪಟ್ಟಿಯೂ ಇಮೇಲ್‌ಗೆ ಬರುತ್ತದೆ. ನಿಮ್ಮ ಪ್ಯಾನ್ ಮೇಲಿರುವ ಡಿಮ್ಯಾಟ್ ಖಾತೆಗಳೂ ಮ್ಯೂಚುವಲ್ ಫಂಡ್‌ಗಳೂ ಅದರಲ್ಲಿರುತ್ತವೆ.

ಬ್ರೋಕರ್ ಬಾಗಿಲು ಹಾಕಿದರೆ ಏನು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಪಟ್ಟಿಯಲ್ಲಿ ಕಂಡ ಷೇರು ನಿಮ್ಮದು, ಅದನ್ನು ಬೇರೆ ಡಿಪಿಗೆ ಸಾಗಿಸಿಕೊಳ್ಳಬಹುದು. ಲೆಡ್ಜರ್‌ನಲ್ಲಿದ್ದ ದುಡ್ಡಿಗೆ ಮಾತ್ರ ಓಡಾಡಬೇಕಾಗುತ್ತದೆ. ಹಾಗಾಗಿ ಅಲ್ಲಿ ದುಡ್ಡು ಜಾಸ್ತಿ ಇಟ್ಟುಕೊಳ್ಳಬೇಡಿ.

ಹಂತ 6: ಮಾರುವಾಗ ನಿಮ್ಮ ಒಪ್ಪಿಗೆ

ಕೊಳ್ಳುವಾಗ ದುಡ್ಡಿದ್ದರೆ ಸಾಕು. ಮಾರುವಾಗ ಡಿಮ್ಯಾಟ್‌ನಿಂದ ಷೇರು ತೆಗೆಯಲು ನಿಮ್ಮ ಒಪ್ಪಿಗೆ ಬೇಕು. ಅದಕ್ಕೆ ಮೂರು ದಾರಿ.

ಹಳೆಯ ದಾರಿ ಡಿಐಎಸ್ ಎಂಬ ಚೀಟಿ. ಚೆಕ್ ಪುಸ್ತಕದಂತೆ ಡಿಪಿ ಕೊಡುತ್ತಾನೆ, ತುಂಬಿ ಸಹಿ ಹಾಕಿ ಕೊಡಬೇಕು. ಖಾಲಿ ಚೀಟಿಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಎಷ್ಟೇ ಪರಿಚಯದ ಏಜೆಂಟ್ ಆದರೂ ಅಷ್ಟೇ.

ಎರಡನೆಯದು ಆನ್‌ಲೈನ್ ಒಪ್ಪಿಗೆ. ಸಿಡಿಎಸ್‌ಎಲ್ ಖಾತೆಯಾದರೆ ಟಿಪಿನ್ ಎಂಬ ಆರಂಕಿಯ ಗುಟ್ಟಿನ ಸಂಖ್ಯೆ, ಅದರ ಜೊತೆ ಓಟಿಪಿ. ಟಿಪಿನ್ ಕೊಡುವುದು ಸಿಡಿಎಸ್‌ಎಲ್, ಬ್ರೋಕರ್ ಅಲ್ಲ. ಅದನ್ನು ಫೋನಿನಲ್ಲಿ ಕೇಳುವವನು ಕಳ್ಳ ಎಂದೇ ತಿಳಿಯಿರಿ.

ಮೂರನೆಯದು ಡಿಡಿಪಿಐ. ಒಮ್ಮೆ ಸಹಿ ಹಾಕಿದರೆ, ನೀವು ಎಕ್ಸ್‌ಚೇಂಜ್‌ನಲ್ಲಿ ಮಾರಿದಷ್ಟು ಷೇರನ್ನು ಬ್ರೋಕರ್ ತೆಗೆದು ಕೊಡಬಹುದು. ಮೊದಲಿದ್ದ ಪವರ್ ಆಫ್ ಅಟಾರ್ನಿಯ ಬದಲಿಗೆ 2022ರಲ್ಲಿ ಬಂದದ್ದು. ಅದಕ್ಕಿಂತ ಇದರ ಅಧಿಕಾರ ಕಡಿಮೆ. ಮಾರಿದ ಷೇರು ಕೊಡುವುದು, ಅಡವಿನ ಕೆಲಸ ಹೀಗೆ ಕೆಲವೇ ಕೆಲಸಗಳಿಗೆ ಸೀಮಿತ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ಓಟಿಪಿಗೆ ಕಾಯುವವರಿಗೆ ಇದು ಅನುಕೂಲ. ವರ್ಷಕ್ಕೆ ಒಂದೆರಡು ಸಲ ಮಾರುವವರಿಗೆ ಟಿಪಿನ್ನೇ ಸಾಕು.

ನೀವು ಮಾರಿದಾಗ ಷೇರು ತಕ್ಷಣ ಹೊರಗೆ ಹೋಗುವುದಿಲ್ಲ. ನಿಮ್ಮ ಡಿಮ್ಯಾಟ್‌ನಲ್ಲೇ ಅದಕ್ಕೆ ಬೀಗ ಬೀಳುತ್ತದೆ. ಈ ಬ್ಲಾಕ್ ವ್ಯವಸ್ಥೆ 2022ರ ನವೆಂಬರ್‌ನಿಂದ ಕಡ್ಡಾಯ. ಮರುದಿನ ಪೇ-ಇನ್ ಹೊತ್ತಿಗೆ ಷೇರು ಹೊರಗೆ ಹೋಗುತ್ತದೆ, ಅದೇ ದಿನ ದುಡ್ಡು ಲೆಡ್ಜರ್‌ಗೆ ಇತ್ಯರ್ಥವಾಗುತ್ತದೆ. ಅಲ್ಲಿಯವರೆಗೆ ಆ್ಯಪ್‌ನಲ್ಲಿ ಕಾಣುವ ದುಡ್ಡಿನಿಂದ ಬೇರೆ ಷೇರು ಕೊಳ್ಳಲು ಬ್ರೋಕರ್ ಬಿಡಬಹುದು, ಬ್ಯಾಂಕಿಗೆ ತೆಗೆಯಲು ಆಗುವುದಿಲ್ಲ. ತೋಟದ ಆಳುಗಳಿಗೆ ಶನಿವಾರ ಸಂಬಳ ಕೊಡಬೇಕಿದ್ದರೆ ಶುಕ್ರವಾರ ಮಾರಿ ಪ್ರಯೋಜನ ಇಲ್ಲ. ಬುಧವಾರವೇ ಮಾರಿ.

ಮಾರಿದಾಗ ಡಿಪಿ ಶುಲ್ಕ ಎಂದು ಬೇರೆ ಕಡಿತವಾಗುತ್ತದೆ. ಅದು ಷೇರಿನ ಸಂಖ್ಯೆಯ ಮೇಲೆ ಅಲ್ಲ, ಒಂದು ದಿನಕ್ಕೆ ಒಂದು ಕಂಪನಿಗೆ ಇಷ್ಟು ಎಂದು. 50 ಷೇರನ್ನು ದಿನಕ್ಕೆ ಹತ್ತರಂತೆ ಐದು ದಿನ ಮಾರಿದರೆ ಐದು ಸಲ ಕಟ್ಟುತ್ತೀರಿ.

ದೊಡ್ಡ ಗುಂಡಿ: ಬರುವ ಮೊದಲೇ ಮಾರುವುದು

ಸೋಮವಾರ 400ಕ್ಕೆ ಕೊಂಡ ಷೇರು ಮಂಗಳವಾರ ಬೆಳಿಗ್ಗೆ 415 ಆಯಿತು. ಷೇರು ಇನ್ನೂ ಡಿಮ್ಯಾಟ್‌ಗೆ ಬಂದಿಲ್ಲ, ಆದರೂ ಆ್ಯಪ್ ಮಾರಲು ಬಿಡುತ್ತದೆ. ಮಾರಿದಿರಿ, 750 ರೂಪಾಯಿ ಲಾಭ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಮಂಗಳವಾರ ಬಂದ ಷೇರು ಬುಧವಾರ ಹೋಗುತ್ತದೆ.

ಎಡವಟ್ಟಾಗುವುದು ಸೋಮವಾರ ನಿಮಗೆ ಮಾರಿದವನು ಷೇರು ಕೊಡದಿದ್ದಾಗ. ಅದು ಹೇಗೆ ಆಗುತ್ತದೆ? ಕೆಲವರು ಕೈಯಲ್ಲಿ ಷೇರೇ ಇಲ್ಲದೆ ಬೆಳಿಗ್ಗೆ ಮಾರಿ, ಬೆಲೆ ಇಳಿದ ಮೇಲೆ ಸಂಜೆ ಕೊಳ್ಳುತ್ತೇವೆ ಎಂದು ಆಡುತ್ತಾರೆ. ಆ ದಿನ ಬೆಲೆ ಏರಿ ಅಪ್ಪರ್ ಸರ್ಕ್ಯೂಟ್‌ಗೆ, ಅಂದರೆ ದಿನದ ಗರಿಷ್ಠ ಮಿತಿಗೆ ತಾಗಿದರೆ ಮಾರುವವರೇ ಇರುವುದಿಲ್ಲ. ಅವನಿಗೆ ವಾಪಸ್ ಕೊಳ್ಳಲು ಸಿಗುವುದಿಲ್ಲ, ಮರುದಿನ ಕೊಡಲು ಷೇರು ಇರುವುದಿಲ್ಲ.

ಆಗ ಎಕ್ಸ್‌ಚೇಂಜ್ ಮಂಗಳವಾರ ಹರಾಜು ಕರೆದು ಆ ಷೇರನ್ನು ಕೊಂಡು, ಬುಧವಾರ ನಿಮಗೆ ಕೊಡಲು ನೋಡುತ್ತದೆ. ನೀವು ಷೇರು ಇಟ್ಟುಕೊಳ್ಳುವವರಾದರೆ ಒಂದು ದಿನ ತಡ, ಅಷ್ಟೇ. ಹರಾಜಿನಲ್ಲೂ ಸಿಗದಿದ್ದರೆ ಷೇರಿನ ಬದಲು ದುಡ್ಡು ಬರುತ್ತದೆ. ಆದರೆ ನೀವು ಮಂಗಳವಾರ ಮಾರಿಬಿಟ್ಟಿದ್ದೀರಿ. ಬುಧವಾರ ಬೆಳಿಗ್ಗೆಯೇ ಕೊಡಬೇಕು, ಹರಾಜಿನ ಷೇರು ಅಷ್ಟರೊಳಗೆ ಕೈ ಸೇರದಿರಬಹುದು. ಆಗ ಈ ಸಲ ಷೇರು ಕೊಡದವರು ನೀವೇ, ಹರಾಜು ನಿಮ್ಮ ಲೆಕ್ಕದಲ್ಲಿ. ಅಲ್ಲಿ 440ಕ್ಕೆ ಸಿಕ್ಕಿತು ಎನ್ನಿ. ಷೇರಿಗೆ 25ರಂತೆ 1,250 ರೂಪಾಯಿ ನಿಮ್ಮ ತಲೆಗೆ, ಮೇಲೆ ದಂಡ ಮತ್ತು ಖರ್ಚು. ಹರಾಜಿನಲ್ಲೂ ಸಿಗದಿದ್ದರೆ ಲೆಕ್ಕ ಇನ್ನೂ ಕಠಿಣ. ಹರಾಜಿನ ದಿನದ ಮುಕ್ತಾಯ ಬೆಲೆಗಿಂತ 20% ಜಾಸ್ತಿ ಲೆಕ್ಕ ಹಿಡಿದು ವಸೂಲಿ ಮಾಡಬಹುದು.

ದೊಡ್ಡ ಕಂಪನಿಗಳಲ್ಲಿ ಇದು ಅಪರೂಪ. ಸಣ್ಣ ಕಂಪನಿ, ಕಡಿಮೆ ವಹಿವಾಟು, ದಿನ ದಿನ ಅಪ್ಪರ್ ಸರ್ಕ್ಯೂಟ್ ತಾಗುವ ಷೇರು ಇವುಗಳಲ್ಲಿ ಅಪಾಯ ಜಾಸ್ತಿ. ಅಂಥವನ್ನು ಡಿಮ್ಯಾಟ್‌ನಲ್ಲಿ ಕಂಡ ಮೇಲೆಯೇ ಮಾರಿ. ಟ್ರೇಡ್-ಟು-ಟ್ರೇಡ್ ಗುಂಪಿನ ಷೇರಾದರೆ ಕೊಂಡದ್ದನ್ನು ಅದೇ ದಿನ ಮಾರಿ ಲೆಕ್ಕ ಸರಿದೂಗಿಸಲು ಆಗುವುದೇ ಇಲ್ಲ, ಪೂರ್ತಿ ಷೇರು ಕೊಡಲೇಬೇಕು.

ಬ್ಯಾಂಕ್ ಬದಲಾಯಿಸಿದಾಗ ಮರೆಯುವ ಕೆಲಸ

ಮಾರಿದ ದುಡ್ಡು ಟ್ರೇಡಿಂಗ್ ಖಾತೆಗೆ ಜೋಡಿಸಿದ ಬ್ಯಾಂಕಿಗೆ ಬರುತ್ತದೆ. ಕಂಪನಿ ಲಾಭದಲ್ಲಿ ಹಂಚುವ ಡಿವಿಡೆಂಡ್ ಮಾತ್ರ ಡಿಮ್ಯಾಟ್‌ನಲ್ಲಿ ದಾಖಲಾದ ಬ್ಯಾಂಕಿಗೆ ಹೋಗುತ್ತದೆ, ಕಂಪನಿ ನೋಡುವುದು ಅಲ್ಲಿಯ ವಿವರವನ್ನೇ. ಆ್ಯಪ್‌ನಲ್ಲಿ ಹೊಸ ಬ್ಯಾಂಕ್ ಸೇರಿಸಿದ್ದೀರಿ, ಡಿವಿಡೆಂಡ್ ಬರುತ್ತಿಲ್ಲ ಎಂದರೆ ಮುಕ್ಕಾಲು ಪಾಲು ಕಾರಣ ಇದೇ. ಡಿಪಿಗೆ ಬೇರೆಯಾಗಿ ಅರ್ಜಿ ಕೊಟ್ಟು ಅಲ್ಲೂ ಬದಲಾಯಿಸಿ.

ಷೇರು ಬರಲೇ ಇಲ್ಲ ಎಂದರೆ

ಟಿ+1ರ ಸಂಜೆ ಡೆಪಾಸಿಟರಿಯ ಸೇವೆಯಲ್ಲಿ ನೋಡಿ. ಅಲ್ಲಿ ಇದ್ದು ಆ್ಯಪ್‌ನಲ್ಲಿ ಇಲ್ಲದಿದ್ದರೆ ಅದು ಆ್ಯಪ್‌ನ ತೊಂದರೆ, ಕಾಯಿರಿ. ಅಲ್ಲೂ ಇಲ್ಲದಿದ್ದರೆ ರಜೆಯ ಪಟ್ಟಿ ನೋಡಿ, ಆಮೇಲೆ ಹರಾಜಿಗೆ ಹೋಗಿದೆಯಾ ಎಂದು ಬ್ರೋಕರನ್ನು ಕೇಳಿ. ಟಿ+2ರ ಸಂಜೆಗೂ ಷೇರೂ ಇಲ್ಲ, ಲೆಡ್ಜರ್‌ನಲ್ಲಿ ಬದಲಿ ದುಡ್ಡೂ ಇಲ್ಲ ಎಂದರೆ ಬರಹದಲ್ಲಿ ದೂರು ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ಉತ್ತರ ಬರದಿದ್ದರೆ ಸೆಬಿಯ "ಸ್ಕೋರ್ಸ್" ತಾಣದಲ್ಲಿ ದೂರು ಹಾಕಬಹುದು. ಅಲ್ಲಿ ಬಿದ್ದ ದೂರಿಗೆ ಸಂಸ್ಥೆ 21 ದಿನದೊಳಗೆ ಉತ್ತರ ಕೊಡಬೇಕು. ದೂರಿನ ಜೊತೆ ಮೂರು ಕಾಗದ ಇರಲಿ: ಆ ದಿನದ ಕಾಂಟ್ರಾಕ್ಟ್ ನೋಟ್, ಲೆಡ್ಜರ್ ಪ್ರತಿ, ಡೆಪಾಸಿಟರಿಯಿಂದ ಇಳಿಸಿಕೊಂಡ ವಹಿವಾಟಿನ ಪಟ್ಟಿ. ಆ್ಯಪ್‌ನ ಸ್ಕ್ರೀನ್‌ಶಾಟ್ ಒಂದನ್ನೇ ಹಾಕಿದರೆ ಇನ್ನಷ್ಟು ದಾಖಲೆ ಕೊಡಿ ಎಂದು ಕೇಳುವುದರಲ್ಲೇ ದಿನ ಕಳೆಯುತ್ತದೆ.